ಅಪ್ಪನ ಮೊದಲ ಒಂಟಿ ರಾತ್ರಿ: ಒಂದೇ ಪುಟದ ಚೀಟಿಯಲ್ಲಿ ಏನಿರಬೇಕು?

ಹೊಸಅಪ್ಪ

ಮಗನಿಗೆ ಈಗ ಐದು ವಾರ. ತಿಂಗಳು ತುಂಬಿ ಹುಟ್ಟಿದವನು, ಮೊನ್ನೆ ತೂಕ ನೋಡಿಸಿದಾಗ 4.2 ಕಿಲೋ ಇದ್ದ. ಎದೆಹಾಲು ಮಾತ್ರ ಕುಡಿಯುತ್ತಾನೆ. ಹಗಲು ಹೊತ್ತಿನಲ್ಲಿ ನಾನು ಬಾಟಲಿ ಅಭ್ಯಾಸ ಮಾಡಿಸಿದ್ದೇನೆ, ತಕರಾರಿಲ್ಲದೆ ಕುಡಿಯುತ್ತಾನೆ. ಇವಳಿಗೆ ಹೆರಿಗೆಯಾದಾಗಿನಿಂದ ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಇಲ್ಲ. ಶುಕ್ರವಾರ ರಾತ್ರಿ ಪೂರ್ತಿ ನನ್ನದು ಅಂತ ಮಾತಾಗಿದೆ. ಅವಳು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ.

ಕೈಗೆ ಸಿಗುವಂತೆ ಒಂದು ಚೀಟಿ ಇರಲಿ ಅಂತ ಬರೆಯಲು ಕೂತೆ. ಅದು ಬೆಳೆದು ನಾಲ್ಕು ಪುಟ ಆಯಿತು. ಡೈಪರ್ ಹಾಕುವ ಕ್ರಮ, ತೇಗಿಸುವ ಭಂಗಿಗಳು, ಬಟ್ಟೆ ಸುತ್ತುವ ವಿಧಾನ, ಯಾವ ಅಳು ಯಾಕೆ, ಎಲ್ಲಾ ಇದೆ. ಇವಳು ಓದಿ, "ಮೂರು ಗಂಟೆಗೆ ಅವನು ಕಿರುಚುವಾಗ ಯಾವ ಪುಟ ತಿರುವಿ ಹಾಕ್ತೀರಿ?" ಅಂದಳು. ಒಂದೇ ಪುಟಕ್ಕೆ ಇಳಿಸಬೇಕು. ಏನಿಡಲಿ, ಏನು ಬಿಡಲಿ?

ರಾತ್ರಿಪಾಳಿ_ಸಿಸ್ಟರ್

ಎಳೆಗೂಸುಗಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ, ರಾತ್ರಿ ಪಾಳಿಯೇ ಜಾಸ್ತಿ.

ಡೈಪರ್ ಹಾಕೋದು, ತೇಗಿಸೋದು ನಿಮ್ಮ ಕೈಗೆ ಈಗಾಗಲೇ ಗೊತ್ತಿದೆ. ಕೈಗೆ ಗೊತ್ತಿರುವುದನ್ನು ಬರೆಯಬೇಡಿ. ನಿದ್ದೆಗೆಟ್ಟ ತಲೆ ಎಲ್ಲಿ ತಪ್ಪು ಲೆಕ್ಕ ಹಾಕುತ್ತದೋ ಅದನ್ನಷ್ಟೇ ಬರೆಯಿರಿ. ನಾನು ಕಂಡ ಹಾಗೆ ಅದು ನಾಲ್ಕು ಕಡೆ. ಹಾಲು ಎಷ್ಟು ಹೊತ್ತು ಇಡಬಹುದು. ನೀವು ಎಲ್ಲಿ ಕೂತು ಕುಡಿಸುತ್ತೀರಿ. ಅವರನ್ನು ಯಾವಾಗ ಎಬ್ಬಿಸುತ್ತೀರಿ. ಆಸ್ಪತ್ರೆಗೆ ಯಾವಾಗ ಹೊರಡುತ್ತೀರಿ. ಉಳಿದದ್ದು ತಪ್ಪಿದರೆ ಹೆಚ್ಚೆಂದರೆ ಒಂದು ಬಟ್ಟೆ ಒದ್ದೆಯಾಗುತ್ತದೆ.

ಮೊದಲು ಹಾಲು. ಹಿಂಡಿಟ್ಟ ಎದೆಹಾಲು ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನಲ್ಲಿ ಇಡಬೇಡಿ, ಒಳಗಡೆ ಹಿಂಭಾಗದಲ್ಲಿ ಇಡಿ. ಬಾಗಿಲು ತೆಗೆದಾಗಲೆಲ್ಲ ಅಲ್ಲಿ ಬಿಸಿ ಗಾಳಿ ತಾಗುತ್ತದೆ. ಅದನ್ನು ತೆಗೆದು ಬೆಚ್ಚಗೆ ಮಾಡಿದ ಮೇಲೆ ಎರಡು ಗಂಟೆಯೊಳಗೆ ಕುಡಿಸಬೇಕು. ಮಗು ಅರ್ಧ ಕುಡಿದು ಮಲಗಿದರೆ, ಕುಡಿಸಿ ಮುಗಿಸಿದ ಹೊತ್ತಿನಿಂದ ಎರಡು ಗಂಟೆ ಮಾತ್ರ ಅದು ಬರುತ್ತದೆ. ಆಮೇಲೆ ಚೆಲ್ಲಲೇಬೇಕು. ನಿದ್ದೆಗಣ್ಣಿನಲ್ಲಿ "ಇದು ಆಗಿನದ್ದೋ ಈಗಿನದ್ದೋ" ಅಂತ ಗೊಂದಲ ಆಗುವುದು ಇಲ್ಲೇ. ಬಾಟಲಿ ಮೇಲೆ ಟೇಪ್ ಹಚ್ಚಿ, ಬೆಚ್ಚಗೆ ಮಾಡಿದ ಟೈಮ್ ಪೆನ್ನಿನಲ್ಲಿ ಬರೆಯಿರಿ. ಟೈಮ್ ಬರೆಯದ ಬಾಟಲಿ ಚೆಲ್ಲುವ ಬಾಟಲಿ ಅಂತ ನಿಯಮ ಇಟ್ಟುಕೊಳ್ಳಿ.

ಎಷ್ಟು ಹಾಕಬೇಕು ಅಂದರೆ, ನಿಮ್ಮ ಮಗುವಿನ ತೂಕಕ್ಕೆ ಅಂದಾಜು ಹೀಗೆ: ಕಿಲೋಗೆ ದಿನಕ್ಕೆ 150 ಮಿಲಿ ಹಿಡಿದರೆ ಸುಮಾರು 630 ಮಿಲಿ. ದಿನಕ್ಕೆ ಎಂಟು ಸಲ ಕುಡಿಯುತ್ತಾನೆ ಅಂದುಕೊಂಡರೆ ಒಂದು ಸಲಕ್ಕೆ 80 ಮಿಲಿ ಹತ್ತಿರ. ಇದು ಬಾಟಲಿ ತುಂಬಿಸಲು ಅಂದಾಜು ಅಷ್ಟೇ, ಅವನ ಹೊಟ್ಟೆಗೆ ಹಾಕುವ ಟಾರ್ಗೆಟ್ ಅಲ್ಲ. 80ರ ಎರಡು ಬಾಟಲಿ, ಜೊತೆಗೆ 40ರ ಒಂದು ಚಿಕ್ಕ ಬಾಟಲಿ ಇಡಿ. ಇನ್ನೂ ಬೇಕು ಅಂದಾಗ ಚಿಕ್ಕದನ್ನು ತೆಗೆದರೆ ಹಾಲು ದಂಡ ಆಗೋದಿಲ್ಲ. ಕಷ್ಟಪಟ್ಟು ಹಿಂಡಿದವರಿಗೆ ಚೆಲ್ಲುವ ಹಾಲು ನೋಡಲು ಆಗುವುದಿಲ್ಲ, ಇದನ್ನು ಗಂಡಸರು ಬೇಗ ಮರೆಯುತ್ತಾರೆ.

ಎರಡುಮಕ್ಕಳಪ್ಪ

ಸಿಸ್ಟರ್ ಸುಮ್ನೆ ಹೆದರಿಸ್ತಾ ಇದ್ದಾರೆ. ನನ್ನ ವಿಧಾನ ಸುಲಭ. ಮಲಗುವ ಮೊದಲೇ ರಾತ್ರಿಗೆ ಬೇಕಾದ ಹಾಲು ಪೂರ್ತಿ ಬೆಚ್ಚಗೆ ಮಾಡಿ ಫ್ಲಾಸ್ಕಿನಲ್ಲಿ ಹಾಕಿಡಿ. ಎರಡೆರಡು ಗಂಟೆಗೆ ಅಲಾರಂ ಇಡಿ. ಅಲಾರಂ ಹೊಡೆದಾಗ ಎಬ್ಬಿಸಿ ಕುಡಿಸಿ. ಅಳೋಕೆ ಅವಕಾಶನೇ ಕೊಡಬೇಡಿ. ಇನ್ನೊಂದು ಮಾತು, ಹಾಲನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ, ಕೆಲವು ಕಡೆ ಕುದಿಯುವಷ್ಟು ಬಿಸಿ, ಕೆಲವು ಕಡೆ ತಣ್ಣಗೆ ಇರುತ್ತೆ.

ರಾತ್ರಿಪಾಳಿ_ಸಿಸ್ಟರ್

ಮೈಕ್ರೋವೇವ್ ವಿಷಯ ನೂರಕ್ಕೆ ನೂರು ಸರಿ. ಹೊರಗೆ ಮುಟ್ಟಿದರೆ ಉಗುರುಬೆಚ್ಚಗೆ, ಒಳಗೆ ಒಂದು ಗುಟುಕು ಬಾಯಿ ಸುಡುವಷ್ಟು.

ಫ್ಲಾಸ್ಕ್ ಮಾತ್ರ ಬೇಡ. ಬೆಚ್ಚಗಿನ ಹಾಲನ್ನು ಗಂಟೆಗಟ್ಟಲೆ ಬೆಚ್ಚಗೇ ಇಡುವುದು ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ ಮಾಡಿಕೊಟ್ಟ ಹಾಗೆ. ಫ್ಲಾಸ್ಕಿನಲ್ಲಿ ಬಿಸಿನೀರು ಇಡಿ, ಹಾಲು ಫ್ರಿಜ್‌ನಲ್ಲೇ ಇರಲಿ. ಮಗು ಎದ್ದಾಗ ಬಟ್ಟಲಿಗೆ ಬಿಸಿನೀರು ಸುರಿದು ಬಾಟಲಿ ಇಟ್ಟು ಡೈಪರ್ ಬದಲಿಸಲು ಹೋಗಿ. ಬರುವಷ್ಟರಲ್ಲಿ ಸಾಕಷ್ಟು ಬೆಚ್ಚಗಾಗಿರುತ್ತದೆ. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಬಾಟಲಿಯನ್ನು ಮೆಲ್ಲಗೆ ಸುತ್ತ ತಿರುಗಿಸಿ, ಕೂಡಿಕೊಳ್ಳುತ್ತದೆ. ಒಂದು ಹನಿ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡಿ. ಫ್ರಿಜ್‌ನಿಂದ ತೆಗೆದು ತಣ್ಣಗೇ ಕುಡಿಸಿದರೂ ತೊಂದರೆ ಇಲ್ಲ, ಕೆಲವು ಮಕ್ಕಳು ಕುಡಿಯುತ್ತವೆ. ನಿಮ್ಮವನು ಹಗಲಲ್ಲಿ ಕುಡಿಯುತ್ತಾನಾ ನೋಡಿ. ಕುಡಿದರೆ ರಾತ್ರಿ ಕೆಲಸ ಅರ್ಧಕ್ಕರ್ಧ ಕಡಿಮೆ.

ಎರಡೆರಡು ಗಂಟೆಗೆ ಎಬ್ಬಿಸುವ ಮಾತು ಮೊದಲ ಕೆಲವು ದಿನಗಳಿಗೆ ಹೆಚ್ಚುಕಡಿಮೆ ಸರಿ. ತೂಕ ಹುಟ್ಟಿದಾಗಿನ ಮಟ್ಟಕ್ಕೆ ಬರುವ ತನಕ ಮಲಗಿದ್ದರೂ ಎಬ್ಬಿಸುತ್ತೇವೆ. ತಿಂಗಳು ತುಂಬಿ ಹುಟ್ಟಿ, ಚೆನ್ನಾಗಿ ತೂಕ ಬರುತ್ತಿರುವ ಐದು ವಾರದ ಮಗುವಿಗೆ ಅದು ಬೇಕಿಲ್ಲ, ಅವನೇ ಏಳುತ್ತಾನೆ. ತೂಕದ ಬಗ್ಗೆ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಬಾಣಂತಿಯ_ಬೆಳಗು

ಆ ಕಡೆ ಕೋಣೆಯಲ್ಲಿ ಮಲಗುವವಳ ಪರವಾಗಿ ಎರಡು ಮಾತು.

ಒಂದು, ನೀವು ಕುಡಿಸಿಬಿಟ್ಟರೆ ಎದೆಗೆ ಅದು ಗೊತ್ತಾಗುವುದಿಲ್ಲ. ಹಾಲು ಇಳಿಯುತ್ತಲೇ ಇರುತ್ತದೆ. ಹತ್ತು ಗಂಟೆಗೆ ಕುಡಿಸಿ ಬೆಳಗಿನ ಐದರವರೆಗೆ ಹಾಗೇ ಬಿಟ್ಟರೆ ಕೆಲವರಿಗೆ ಎದೆ ಕಲ್ಲಿನ ಹಾಗೆ ಆಗುತ್ತದೆ. ನೋವಿಗೇ ಎಚ್ಚರ ಆಗುತ್ತದೆ. ಆಗ ತಡೆದುಕೊಂಡು ಮಲಗಬಾರದು, ಹಾಲು ಕಟ್ಟಿಕೊಂಡು ಜ್ವರ ಬರಬಹುದು. ಹಾಗಾಗಿ ಪಂಪ್ ತೊಳೆದು ಒಣಗಿಸಿ ಅವಳ ಕೈಗೆ ಸಿಗುವ ಹಾಗೆ ಇಡಿ. ಎದ್ದರೆ ಸಮಾಧಾನ ಆಗುವಷ್ಟು ಹಿಂಡಿ ಮತ್ತೆ ಮಲಗಲಿ.

ಎರಡು, ದಯವಿಟ್ಟು ಬಾಗಿಲು ತಟ್ಟಿ "ಆ ಹಳದಿ ಬಟ್ಟೆ ಎಲ್ಲಿದೆ" ಅಂತ ಕೇಳಬೇಡಿ. ಸಾಮಾನು ಎಲ್ಲೆಲ್ಲಿ ಇದೆ ಅನ್ನುವುದು ಸಂಜೆಯೇ ಮುಗಿಯಬೇಕು. ಡೈಪರ್, ಎರಡು ಜೊತೆ ಬಟ್ಟೆ, ತೊಟ್ಟಿಲ ಮೇಲುಹಾಸು ಇನ್ನೊಂದು, ಥರ್ಮಾಮೀಟರ್, ಎಲ್ಲಾ ಒಂದೇ ಬುಟ್ಟಿಯಲ್ಲಿ. ಅರ್ಧ ನಿದ್ದೆಯಿಂದ ಎದ್ದು ಒಂದು ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ ಮತ್ತೆ ಕಣ್ಣು ಹತ್ತಲು ಒಂದು ಗಂಟೆ ಬೇಕು.

ಪುಟ್ಟಿಯ_ಪಪ್ಪಾ

ನಮ್ಮ ಮನೆಯಲ್ಲೂ ಇದೇ ಕಥೆ. ಮಗಳು ರಾತ್ರಿ ಎದ್ದು ಬಾಟಲಿ ಕೇಳುತ್ತಿದ್ದಳು. ಕೊಡೋದು ನಿಲ್ಲಿಸಿದೆವು. ಮೊದಲು ಅತ್ತಳು, ಹತ್ತಿರ ಕೂತು ಬೆನ್ನು ತಟ್ಟಿದೆ, ಎತ್ತಿಕೊಳ್ಳಲಿಲ್ಲ. ಈಗ ಬೆಳಗಿನ ತನಕ ಮಲಗುತ್ತಾಳೆ. ಅಪ್ಪ ಗಟ್ಟಿ ಮನಸ್ಸು ಮಾಡಿದರೆ ಆಗುತ್ತೆ.

ಬಾಣಂತಿಯ_ಬೆಳಗು

ನಿಮ್ಮ ಮಗಳಿಗೆ ಎಷ್ಟು ತಿಂಗಳು?

ಪುಟ್ಟಿಯ_ಪಪ್ಪಾ

ಹದಿನಾಲ್ಕು. ಓ, ಐದು ವಾರ ಅಂತ ಇದೆ ಅಲ್ವಾ. ನಾನು ಐದು ತಿಂಗಳು ಅಂತ ಓದಿದೆ. ಹಾಗಾದ್ರೆ ನನ್ನದು ಬಿಡಿ, ಅಷ್ಟು ಚಿಕ್ಕ ಕೂಸಿಗೆ ರಾತ್ರಿ ಹಸಿವಾಗೇ ಆಗುತ್ತೆ.

ಹಳೇತಾಯಿ

ನಾನು ಮೂರು ಮಕ್ಕಳನ್ನೂ ಈಗ ಮೊಮ್ಮಕ್ಕಳನ್ನೂ ಬೆಳೆಸಿದವಳು. ಇಷ್ಟೆಲ್ಲಾ ಬರೆದಿಡುವ ಅಗತ್ಯ ಏನಿದೆ ಮಗಾ? ಕೂಸು ರಚ್ಚೆ ಹಿಡಿದರೆ ಎದೆಯ ಮೇಲೆ ಕವುಚಿ ಹಾಕಿಕೊಂಡು ಸೋಫಾದಲ್ಲಿ ಒರಗಿಬಿಡು. ಅಪ್ಪನ ಎದೆಬಡಿತ ಕೇಳಿಸಿಕೊಂಡು ಎರಡು ನಿಮಿಷದಲ್ಲಿ ಮಲಗುತ್ತೆ. ನನ್ನ ಯಜಮಾನರು ಹಾಗೇ ಮಾಡುತ್ತಿದ್ದರು.

ರಾತ್ರಿಪಾಳಿ_ಸಿಸ್ಟರ್

ಅಮ್ಮಾ, ಎದೆಯ ಮೇಲೆ ಹಾಕಿಕೊಂಡು ಸಮಾಧಾನ ಮಾಡುವುದು ಬಹಳ ಒಳ್ಳೆಯದು. ನಾವೂ ವಾರ್ಡಿನಲ್ಲಿ ಅಪ್ಪಂದಿರಿಗೆ ಹೇಳಿ ಮಾಡಿಸುತ್ತೇವೆ. ಆದರೆ ಅಪ್ಪ ಎಚ್ಚರ ಇರುವಷ್ಟು ಹೊತ್ತು ಮಾತ್ರ. ಸೋಫಾದಲ್ಲಿ ಒರಗಿದ ಕೂಡಲೇ ಅವರಿಗೂ ಕಣ್ಣು ಹತ್ತುತ್ತದೆ. ಆಗ ಕೂಸು ಜಾರಿ ಕೈಗೂ ಸೋಫಾದ ಮೂಲೆಗೂ ನಡುವೆ ಸಿಕ್ಕಿಕೊಂಡರೆ ಮೂಗು ಮುಚ್ಚಿಹೋಗುತ್ತದೆ. ಆ ವಯಸ್ಸಿನ ಕೂಸಿಗೆ ಸಿಕ್ಕಿಕೊಂಡ ತಲೆ ಬಿಡಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಅಳುವ ಸದ್ದೂ ಬರುವುದಿಲ್ಲ. ಮಗುವನ್ನು ಹಿಡಿದುಕೊಂಡು ನಿದ್ದೆ ಹೋಗುವ ಜಾಗಗಳಲ್ಲಿ ಸೋಫಾ ಮತ್ತು ಆರಾಮ ಕುರ್ಚಿ ಅತಿ ಅಪಾಯ.

ಅದಕ್ಕೇ ನಾನು "ಎಲ್ಲಿ ಕೂರುತ್ತೀರಿ" ಅಂತ ಮೊದಲೇ ಕೇಳಿದ್ದು. ನೇರ ಬೆನ್ನಿನ ಗಟ್ಟಿ ಕುರ್ಚಿ, ಪಕ್ಕದಲ್ಲೇ ತೊಟ್ಟಿಲು, ಒಂದು ಮಂದ ದೀಪ. ತೂಕಡಿಕೆ ಬಂತು ಅನಿಸಿದರೆ ಅಳುತ್ತಿದ್ದರೂ ಸರಿ, ಮೊದಲು ತೊಟ್ಟಿಲಿಗೆ ಹಾಕಿ. ಗಟ್ಟಿ, ಸಮತಟ್ಟಾದ ಹಾಸು, ಬೆನ್ನ ಮೇಲೆ, ದಿಂಬು ಇಲ್ಲ, ದಪ್ಪ ಹೊದಿಕೆ ಇಲ್ಲ, ಗೊಂಬೆ ಇಲ್ಲ. ಅಳುವ ಮಗು ಉಸಿರಾಡುತ್ತಿರುವ ಮಗು.

ಹಳೇತಾಯಿ

ನಮ್ಮ ಕಾಲದಲ್ಲಿ ಸೋಫಾ ಎಲ್ಲಿತ್ತು, ನೆಲದ ಮೇಲೆ ಚಾಪೆ. ಅದೂ ಒಂದು ವ್ಯತ್ಯಾಸ ಇರಬಹುದು. ಸರಿ, ಕುರ್ಚಿಯಲ್ಲೇ ಕೂರಲಿ.

ಕಿವಿಯೆಲ್ಲಾ_ಕಿವಿ

ನನಗೆ ಮೊದಲ ರಾತ್ರಿ ಯಾರೂ ಹೇಳದೇ ಇದ್ದ ಸಂಗತಿ: ಈ ವಯಸ್ಸಿನ ಮಕ್ಕಳು ನಿದ್ದೆಯಲ್ಲೇ ಭಾರೀ ಗಲಾಟೆ ಮಾಡುತ್ತವೆ. ಮುಕ್ಕರಿಯುತ್ತವೆ, ಮೈ ಮುರಿಯುತ್ತವೆ, ಮುಖ ಕಿವುಚುತ್ತವೆ, ಒಂದು ಸಲ "ಎಂ" ಅಂತ ಕೂಗಿ ಸುಮ್ಮನಾಗುತ್ತವೆ. ಕಣ್ಣು ಮುಚ್ಚೇ ಇರುತ್ತದೆ. ಅದನ್ನೇ ಎಚ್ಚರ ಅಂತ ತಿಳಿದು ಎತ್ತಿಕೊಂಡರೆ ನೀವೇ ಎಬ್ಬಿಸಿದ ಹಾಗೆ. ಈಗ ನಾನು ತೊಟ್ಟಿಲ ಮೇಲೆ ಬಗ್ಗಿ, ಕೈ ಹಾಕದೆ, ಒಂದೆರಡು ನಿಮಿಷ ನೋಡುತ್ತೇನೆ. ಕಣ್ಣು ಬಿಟ್ಟು ತಲೆ ಅತ್ತಿತ್ತ ತಿರುಗಿಸಿ ಬಾಯಿ ಹುಡುಕಿದರೆ, ಮುಷ್ಟಿ ಚೀಪಿದರೆ ಹಸಿವು. ಜೋರಾಗಿ ಅಳುವವರೆಗೂ ಕಾಯಬಾರದು, ಆಗ ಬಾಟಲಿಯೂ ಹಿಡಿಯುವುದಿಲ್ಲ.

ಚೀಟಿಯಲ್ಲಿ ಇದಕ್ಕೆ ಒಂದು ಸಾಲು ಕೊಡಿ.

ಹೊಸಅಪ್ಪ

ಇದು ಬಹಳ ಉಪಯೋಗ. ಅವನು ಎರಡು ಗಂಟೆ ಸುಮಾರಿಗೆ ಎಮ್ಮೆ ಮುಕ್ಕರಿದ ಹಾಗೆ ಸದ್ದು ಮಾಡುತ್ತಾನೆ, ನಾವಿಬ್ಬರೂ ಒಟ್ಟಿಗೆ ಎದ್ದು ಕೂರುತ್ತೇವೆ.

ಉಸಿರಿನ ಬಗ್ಗೆ ಒಂದು ಪ್ರಶ್ನೆ. ಮಲಗಿದಾಗ ಬೇಗ ಬೇಗ ಉಸಿರಾಡಿ, ಆಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದ ಹಾಗೆ ಕಾಣುತ್ತೆ. ನನಗೆ ಎದೆ ಧಸಕ್ ಅನ್ನುತ್ತೆ. ಇದು ಮಾಮೂಲಾ?

ರಾತ್ರಿಪಾಳಿ_ಸಿಸ್ಟರ್

ಐದರಿಂದ ಹತ್ತು ಸೆಕೆಂಡಿನ ಚಿಕ್ಕ ವಿರಾಮ, ಬಣ್ಣ ಬದಲಾಗದೆ, ತಾನಾಗಿಯೇ ಮತ್ತೆ ಶುರುವಾದರೆ ಮಾಮೂಲು. ಇಪ್ಪತ್ತು ಸೆಕೆಂಡ್ ನಿಂತರೆ, ಅಥವಾ ತುಟಿ ನೀಲಿಯಾದರೆ, ಮೈ ಜೋತುಬಿದ್ದರೆ ತುರ್ತು.

ಉಸಿರು ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ನೀವೇ ಹೇಳಿದ ಹಾಗೆ ಅವರದ್ದು ಒಂದೇ ಸಮನೆ ಇರುವುದಿಲ್ಲ. ಬಟ್ಟೆ ಎತ್ತಿ ಹೊಟ್ಟೆ ನೋಡಿ. ಮಲಗಿರುವಾಗ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ. ಮತ್ತೆ ಹಾಗೇ ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ ಹೊರಡಿ.

ಜ್ವರ: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ. ಮಗು ನಗುತ್ತಿದ್ದರೂ ಹೊರಡಿ. ಮನೆಯಲ್ಲಿರುವ ಜ್ವರದ ಹನಿ ಹಾಕಿ ಇಳಿಸಬೇಡಿ, ಡಾಕ್ಟರು ನೋಡಬೇಕಾದ್ದು ಮುಚ್ಚಿಹೋಗುತ್ತದೆ. ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ. ಹಾಗಾಗಿ ಅಲ್ಲಿ 37.5, ಅಂದರೆ 99.5 ಮುಟ್ಟಿದರೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕೈಕಾಲು ತಣ್ಣಗಿದೆ ಅಂತ ಹೊದಿಕೆ ಹೇರಬೇಡಿ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಎರಡುಮಕ್ಕಳಪ್ಪ

ಇಷ್ಟು ಅಪಾಯದ ಪಟ್ಟಿ ಕೈಯಲ್ಲಿ ಹಿಡಿದುಕೊಂಡರೆ ಮನುಷ್ಯ ರಾತ್ರಿ ಇಡೀ ಥರ್ಮಾಮೀಟರ್ ಇಟ್ಟುಕೊಂಡೇ ಕೂರುತ್ತಾನೆ. ಪ್ರತಿ ಗಂಟೆ ಜ್ವರ ನೋಡಬೇಕಾ?

ರಾತ್ರಿಪಾಳಿ_ಸಿಸ್ಟರ್

ಬೇಡ. ಇದು ಒಳ್ಳೆಯ ಮಾತು. ಮಗು ಸರಿಯಾಗಿ ಕುಡಿದು, ಸರಿಯಾಗಿ ಮಲಗಿದರೆ ಥರ್ಮಾಮೀಟರ್ ಬುಟ್ಟಿಯಲ್ಲೇ ಇರಲಿ. ಮೈ ಬಿಸಿ ಅನಿಸಿದಾಗ, ಕುಡಿಯಲು ಒಲ್ಲೆ ಅಂದಾಗ, ಎಬ್ಬಿಸಿದರೂ ಏಳದೆ ಮಂಕಾಗಿದ್ದಾಗ, ಎಂದಿನ ಹಾಗಿಲ್ಲದ ಅಳು ಅನಿಸಿದಾಗ ನೋಡಿ. ಆಗಲೂ ಅಂಕಿ ಸರಿ ಇದೆ ಅಂತ ಸುಮ್ಮನಾಗಬೇಡಿ. ಎರಡು ಸಲ ಸತತವಾಗಿ ಕುಡಿಯದ, ಏಳದ ಮಗುವಿಗೆ ಜ್ವರ ಇಲ್ಲದಿದ್ದರೂ ಡಾಕ್ಟರು ಬೇಕು. ಹಸಿರು ಬಣ್ಣದ ವಾಂತಿ ಆದರೂ ಅಷ್ಟೇ. ಬಾಯಿ ಪಕ್ಕದಲ್ಲಿ ಮೊಸರಿನ ಹಾಗೆ ಸ್ವಲ್ಪ ಕಕ್ಕುವುದು ಬೇರೆ, ಅದು ದಿನವೂ ನೋಡಿರುತ್ತೀರಿ.

ಹೊಸಅಪ್ಪ

ಎಲ್ಲಾ ಸೇರಿಸಿ ಹೀಗೆ ಬರೆದಿದ್ದೇನೆ. ದಪ್ಪ ಪೆನ್ನಿನಲ್ಲಿ, ಒಂದೇ ಪುಟ:

> ಸಂಜೆ: ಬುಟ್ಟಿ ತುಂಬಿದೆಯಾ? ಫ್ಲಾಸ್ಕಿನಲ್ಲಿ ಬಿಸಿನೀರು. ಫ್ರಿಜ್ ಹಿಂಭಾಗದಲ್ಲಿ 80, 80, 40. ಪಂಪ್ ಅವಳ ಕೋಣೆಯಲ್ಲಿ. 9.45ಕ್ಕೆ ಅವಳು ಕುಡಿಸಿ ಮಲಗುತ್ತಾಳೆ.
>
> ಸದ್ದು ಬಂದರೆ: ಕೈ ಹಾಕಬೇಡ. ಕಣ್ಣು ನೋಡು. ಮುಚ್ಚಿದ್ದರೆ ಕಾಯಿ. ಬಾಯಿ ಹುಡುಕಿದರೆ ಹಾಲು.
>
> ಹಾಲು: ಬಟ್ಟಲಲ್ಲಿ ಬಾಟಲಿ, ಟೇಪ್ ಮೇಲೆ ಟೈಮ್. ಅಷ್ಟರಲ್ಲಿ ಡೈಪರ್. ಕುರ್ಚಿಯಲ್ಲಿ ಕೂತು, ತಲೆ ಎತ್ತರದಲ್ಲಿ, ಬಾಟಲಿ ಅಡ್ಡ, ನಡುನಡುವೆ ನಿಲ್ಲಿಸು. ತಲೆ ತಿರುಗಿಸಿದರೆ ಸಾಕು. ಎರಡು ಗಂಟೆ ಮೀರಿದ್ದು ಚೆಲ್ಲು.
>
> ನಿದ್ದೆ ಬಂದರೆ (ನನಗೆ): ಮೊದಲು ತೊಟ್ಟಿಲಿಗೆ. ಬೆನ್ನ ಮೇಲೆ. ಸೋಫಾ ಬೇಡ.
>
> ರಚ್ಚೆ ಹಿಡಿದರೆ: ಹಾಲು, ಡೈಪರ್, ತೇಗು, ಬೆವರು, ಬೆರಳಿಗೆ ಕೂದಲು ಸುತ್ತಿದೆಯಾ. ಎತ್ತಿಕೊಂಡು ನಡಿ. ಸಿಟ್ಟು ಬಂದರೆ ತೊಟ್ಟಿಲಿಗೆ ಹಾಕಿ ಹತ್ತು ನಿಮಿಷ ಹೊರಗೆ.
>
> ಅವಳನ್ನು ಎಬ್ಬಿಸು: ಎರಡೂ ಸಲ ಬಾಟಲಿ ಒಲ್ಲೆ ಅಂದರೆ. ಒಂದು ಗಂಟೆ ಬಿಡದೆ ಅತ್ತರೆ. ನನಗೆ ಎಚ್ಚರ ಇರಲು ಆಗದಿದ್ದರೆ. ಬಟ್ಟೆ ಸಿಗಲಿಲ್ಲ ಅಂತ ಅಲ್ಲ.
>
> ಹೊರಡು: 38 / 100.4. ಉಸಿರು 60, ಗುಳಿ, ನರಳು, ನೀಲಿ. ಏಳದೆ ಮಂಕು. ಹಸಿರು ವಾಂತಿ. ಮೈ ಅದುರು. (ಡಾಕ್ಟರ್ ನಂಬರ್, ತುರ್ತು ನಂಬರ್.)

ಬೆರಳಿಗೆ ಕೂದಲು ಸುತ್ತುವ ವಿಷಯ ನಮ್ಮ ಡಾಕ್ಟರು ಹೇಳಿದ್ದು. ಅಮ್ಮನ ಕೂದಲು ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯಾದರೆ ಮಗು ಯಾಕೆ ಅಳುತ್ತಿದೆ ಅಂತಲೇ ಗೊತ್ತಾಗಲ್ವಂತೆ.

ಕಿವಿಯೆಲ್ಲಾ_ಕಿವಿ

ಚೆನ್ನಾಗಿದೆ. "ಒಂದು ಗಂಟೆ ಬಿಡದೆ ಅತ್ತರೆ" ಅನ್ನೋದು ಜಾಸ್ತಿ ಅಲ್ವಾ? ನಾನಾಗಿದ್ದರೆ ಅರ್ಧ ಗಂಟೆ ಬರೆಯುತ್ತಿದ್ದೆ.

ಬಾಣಂತಿಯ_ಬೆಳಗು

ಅದನ್ನು ನಾವು ಹೇಳೋದಲ್ಲ, ಅವರ ಹೆಂಡತಿ ಹೇಳಬೇಕು. ನನಗಾದರೆ ಹತ್ತು ನಿಮಿಷ ಅಳು ಕೇಳಿದರೂ ನಿದ್ದೆ ಹಾರಿಹೋಗುತ್ತದೆ, ಹೇಗೂ ಎದ್ದಿರುತ್ತೇನೆ. ಇನ್ನು ಕೆಲವರಿಗೆ ಕಿವಿಗೆ ಹತ್ತಿ ಇಟ್ಟುಕೊಂಡರೆ ಏನೂ ಕೇಳಿಸದು. ಆ ಸಾಲನ್ನು ಅವರ ಕೈಯಲ್ಲೇ ಬರೆಸಿ. "ಎಬ್ಬಿಸಿದ್ರಿ" ಅಂತಲೂ ಜಗಳ ಬರಲ್ಲ, "ಎಬ್ಬಿಸಲಿಲ್ಲ" ಅಂತಲೂ ಬರಲ್ಲ.

ರಾತ್ರಿಪಾಳಿ_ಸಿಸ್ಟರ್

ಹೌದು. ಎಬ್ಬಿಸುವ ಪಟ್ಟಿಗೆ ಇನ್ನೊಂದು ಸೇರಿಸಿ, ಅದು ಮಗುವಿನದ್ದಲ್ಲ. ಅವರೇ ನಡುವೆ ಎದ್ದು ಬಂದು ಚಳಿ ಜ್ವರ, ತಲೆ ಸಿಡಿಯುವಷ್ಟು ನೋವು, ಕಣ್ಣು ಮಂಜು, ಒಂದೇ ಕಾಲು ಊತ, ಉಸಿರು ಕಟ್ಟುವುದು, ಇಲ್ಲವೇ ಒಂದು ಗಂಟೆಯಲ್ಲಿ ಪ್ಯಾಡ್ ತೊಯ್ಯುವಷ್ಟು ರಕ್ತ ಅಂದರೆ, "ಮಲಗು, ಸರಿಹೋಗುತ್ತೆ" ಅನ್ನಬೇಡಿ. ಹೆರಿಗೆಯಾಗಿ ಐದು ವಾರ ಆದರೂ ಇವು ತುರ್ತೇ.

"ಸಿಟ್ಟು ಬಂದರೆ ಹೊರಗೆ" ಅನ್ನುವ ಸಾಲನ್ನು ತೆಗೆಯಬೇಡಿ, ದೊಡ್ಡದಾಗಿ ಬರೆಯಿರಿ. ಅಳು ಹುಟ್ಟಿದ ಮೇಲೆ ವಾರ ವಾರ ಏರುತ್ತಾ ಹೋಗಿ ಆರು, ಎಂಟನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ನೀವು ಸರಿಯಾಗಿ ಏರುದಾರಿಯಲ್ಲಿದ್ದೀರಿ. ಒಳ್ಳೆಯ ಅಪ್ಪಂದಿರಿಗೂ ಆ ಹೊತ್ತಿನಲ್ಲಿ ಕೈ ಬಿಗಿಯಾಗುತ್ತದೆ. ಒಂದು ಸಲ ಜೋರಾಗಿ ಅಲುಗಾಡಿಸಿದರೂ ಮಿದುಳಿನಲ್ಲಿ ರಕ್ತನಾಳ ಒಡೆಯಬಹುದು. ತೊಟ್ಟಿಲಲ್ಲಿ ಹತ್ತು ನಿಮಿಷ ಅತ್ತರೆ ಏನೂ ಆಗುವುದಿಲ್ಲ.

ಹೊಸಅಪ್ಪ

ಶುಕ್ರವಾರ ರಾತ್ರಿ ಮುಗಿಯಿತು. ನಡೆದದ್ದು ಹೇಳುತ್ತೇನೆ.

9.45ಕ್ಕೆ ಅವಳು ಕುಡಿಸಿ ಬಾಗಿಲು ಹಾಕಿಕೊಂಡಳು. 11.50ಕ್ಕೆ ಮುಕ್ಕರಿಯಲು ಶುರು. ಬಗ್ಗಿ ನೋಡಿದೆ, ಕಣ್ಣು ಮುಚ್ಚಿತ್ತು. ಕೈ ಕಟ್ಟಿಕೊಂಡು ನಿಂತೆ. ಸುಮ್ಮನಾದ. 12.40ಕ್ಕೆ ನಿಜವಾಗಿ ಎದ್ದ, ಮುಷ್ಟಿ ಬಾಯಲ್ಲಿ. ಬಾಟಲಿ ಬಟ್ಟಲಿಗೆ ಇಟ್ಟು ಡೈಪರ್ ಬಿಚ್ಚಿದೆ. ಹಾಲು ರೆಡಿ, ನಾನು ರೆಡಿ ಇರಲಿಲ್ಲ, ಅವನು ನನ್ನ ಅಂಗಿಗೆ ಉಚ್ಚೆ ಹೊಯ್ದಿದ್ದ. ಬುಟ್ಟಿಯಲ್ಲಿ ಅವನಿಗೆ ಎರಡು ಜೊತೆ ಬಟ್ಟೆ ಇತ್ತು, ನನಗೆ ಒಂದೂ ಇರಲಿಲ್ಲ. ಅದನ್ನು ಚೀಟಿಗೆ ಸೇರಿಸಿದ್ದೇನೆ.

55 ಮಿಲಿ ಕುಡಿದು ತಲೆ ತಿರುಗಿಸಿದ. ಬಾಟಲಿಯಲ್ಲಿ 25 ಉಳಿದಿದೆ ನೋಡಿ, ಮುಗಿಸಿಬಿಡೋಣ ಅಂತ ಕೈ ಹೋಯಿತು. "ತಲೆ ತಿರುಗಿಸಿದರೆ ಸಾಕು" ಅಂತ ಎದುರಿಗೇ ಇತ್ತು, ಬಿಟ್ಟೆ. ಟೇಪ್ ಮೇಲೆ 12.45. ಕುಡಿಸಿ ಮುಗಿದಾಗ 1.05. ಮತ್ತೆ 2.30ಕ್ಕೆ ಎದ್ದ, ಬಾಯಿ ಹುಡುಕಿದ. ಎರಡು ಗಂಟೆ ಇನ್ನೂ ಆಗಿರಲಿಲ್ಲ, ಆ 25 ಕೊಟ್ಟೆ, ಮೇಲೆ ಚಿಕ್ಕ ಬಾಟಲಿಯ 40. ಆಮೇಲೆ ತೇಗಿಸುವಾಗ ನನಗೇ ತಲೆ ವಾಲಿತು. ತೊಟ್ಟಿಲಿಗೆ ಹಾಕಿದೆ. ಅತ್ತ. ಮುಖ ತೊಳೆದುಕೊಂಡು ಬಂದು ಎತ್ತಿಕೊಂಡು ನಡೆದಾಡಿದೆ, ಮೂರೂಕಾಲಿಗೆ ಮಲಗಿದ.

5 ಗಂಟೆಗೆ ಅವಳೇ ಎದ್ದು ಬಂದು ಕುಡಿಸಿದಳು. 80ರ ಎರಡನೇ ಬಾಟಲಿ ಮುಟ್ಟಲೇ ಇಲ್ಲ, ಫ್ರಿಜ್‌ನಲ್ಲೇ ಇದೆ. ಜ್ವರ ನೋಡುವ ಪ್ರಸಂಗ ಬರಲಿಲ್ಲ.

ಒಂದು ತೊಂದರೆ. ಮೂರು ಗಂಟೆಗೆ ಎದೆ ಗಟ್ಟಿಯಾಗಿ ಎದ್ದಳಂತೆ. ಪಂಪ್ ಸದ್ದಿಗೆ ಪೂರ್ತಿ ಎಚ್ಚರವಾಗಿ ಮತ್ತೆ ನಿದ್ದೆ ಬರಲು ಹೊತ್ತಾಯಿತಂತೆ. ಮುಂದಿನ ಸಲ ಏನು ಮಾಡುವುದು?

ಎರಡುಮಕ್ಕಳಪ್ಪ

ನಮ್ಮ ಮನೆಯಲ್ಲಿ ಎರಡನೇ ಸಲಕ್ಕೆ ಮಗುವನ್ನೇ ಒಯ್ದು ಅವಳ ಪಕ್ಕ ಮಲಗಿಸಿ ಕುಡಿಸಲು ಬಿಡುತ್ತಿದ್ದೆ. ನಾನು ಕೂತು ಕಾಯುವುದು. ಕುಡಿದ ಕೂಡಲೇ ಎತ್ತಿಕೊಂಡು ಬರುವುದು. ಡೈಪರ್, ತೇಗು ನನ್ನದು. ಅವಳು ಅರ್ಧ ಕಣ್ಣಷ್ಟೇ ಬಿಡುತ್ತಿದ್ದಳು. ಪಂಪಿಗಿಂತ ಇದು ಸುಲಭ.

ಬಾಣಂತಿಯ_ಬೆಳಗು

ನನಗೆ ಅದು ಆಗುತ್ತಿರಲಿಲ್ಲ. ಮಗು ಮೈಗೆ ತಾಗಿದರೆ ನನಗೆ ಪೂರ್ತಿ ಎಚ್ಚರ. ಪಂಪೇ ವಾಸಿ, ಇಲ್ಲವೇ ಕೈಯಲ್ಲೇ ಸ್ವಲ್ಪ ಹಿಂಡಿ ಬಿಡುತ್ತಿದ್ದೆ, ಸದ್ದೂ ಇಲ್ಲ. ಪೂರ್ತಿ ಖಾಲಿ ಮಾಡಬಾರದು, ಬಿಗಿತ ಇಳಿದರೆ ಸಾಕು.

ರಾತ್ರಿಪಾಳಿ_ಸಿಸ್ಟರ್

ಇಬ್ಬರದ್ದೂ ಸರಿ, ಯಾರ ದೇಹ ಹೇಗೆ ಅನ್ನುವುದರ ಮೇಲೆ. ಎರಡುಮಕ್ಕಳಪ್ಪ ಹೇಳಿದ್ದು ಮಾಡುವುದಾದರೆ ನೀವು ಕಾಯುತ್ತಾ ಕೂತಲ್ಲೇ ನಿದ್ದೆ ಹೋಗಬಾರದು, ಅಷ್ಟೇ ಷರತ್ತು. ಇಬ್ಬರೂ ಮಲಗಿಬಿಟ್ಟರೆ ಮಗು ದಿಂಬು ಹೊದಿಕೆಗಳ ನಡುವೆ ಉಳಿಯುತ್ತದೆ. ಎದೆಯಲ್ಲಿ ಒಂದು ಜಾಗ ಕೆಂಪಗಾಗಿ ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ ಮುಂದಿನ ಶುಕ್ರವಾರದ ಮಾತು ಬಿಟ್ಟು ಡಾಕ್ಟರಿಗೆ ತೋರಿಸಿ.

ಪುಡಿಹಾಲಿನ_ತಂದೆ

ನಮ್ಮದು ಎರಡು ತಿಂಗಳ ಮಗು, ಪುಡಿಹಾಲು. ಈ ಚೀಟಿಯನ್ನೇ ಇಟ್ಟುಕೊಳ್ಳಬಹುದಾ? ಎರಡು ಗಂಟೆ ಲೆಕ್ಕ ಇದಕ್ಕೂ ಅದೇನಾ?

ರಾತ್ರಿಪಾಳಿ_ಸಿಸ್ಟರ್

ಹಾಲಿನ ಸಾಲು ಬದಲಿಸಬೇಕು, ಉಳಿದದ್ದು ಅದೇ. ಪುಡಿಹಾಲು ಕಲಸಿದ ಮೇಲೆ ಎರಡು ಗಂಟೆಯೊಳಗೆ ಕುಡಿಸಲು ಶುರು ಮಾಡಬೇಕು. ಬಾಯಿಗೆ ಇಟ್ಟ ಬಾಟಲಿಗೆ ಶುರುವಿನಿಂದ ಒಂದೇ ಗಂಟೆ, ಮಿಕ್ಕಿದ್ದನ್ನು ಮುಂದಿನ ಸಲಕ್ಕೆ ಇಡುವ ಹಾಗೇ ಇಲ್ಲ. ಪುಡಿ ಡಬ್ಬಿಯೊಳಗೇ ರೋಗಾಣು ಇರಬಹುದು, ಹಾಗಾಗಿ ಕಲಸುವ ನೀರು 70 ಡಿಗ್ರಿಗಿಂತ ತಣ್ಣಗಿರಬಾರದು. ಕುದಿಸಿ ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡಬೇಡಿ. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ ಕುಡಿಸಿ. ಪುಡಿಯ ಅಳತೆ ಡಬ್ಬಿಯ ಚಮಚದಲ್ಲೇ, ಮಟ್ಟವಾಗಿ. ನೀರು ಮೊದಲು, ಪುಡಿ ಆಮೇಲೆ. ನಿದ್ದೆಗಣ್ಣಿನಲ್ಲಿ ಎಷ್ಟು ಚಮಚ ಹಾಕಿದೆ ಅನ್ನುವುದು ಮರೆಯುತ್ತದೆ. ಹಾಗಾಗಿ ಒಂದೊಂದು ಸಲಕ್ಕೆ ಬೇಕಾದ ಪುಡಿಯನ್ನು ಸಂಜೆಯೇ ಅಳೆದು, ತೊಳೆದು ಚೆನ್ನಾಗಿ ಒಣಗಿಸಿದ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಹಾಕಿ ಮುಚ್ಚಿಡಿ.